ಪಾರ್ಟ್ ಲೋಡ್ ಬಾಡಿಗೆ: ಕಿಲೋ ದರದ ಹಿಂದಿರುವ ಘನ ಅಡಿಯ ಲೆಕ್ಕ

ಪಾರ್ಟ್ ಲೋಡ್ ಸಾಗಣೆಯಲ್ಲಿ ಒಂದೇ ಲಾರಿಯನ್ನು ಹತ್ತಾರು ಗಿರಾಕಿಗಳ ಸರಕು ಹಂಚಿಕೊಳ್ಳುತ್ತದೆ. ಲಾರಿಗೆ ಮಿತಿ ಎರಡು: ಹೊರಬಹುದಾದ ತೂಕ, ಒಳಗೆ ಹಿಡಿಸುವ ಜಾಗ. ಕಬ್ಬಿಣದ ಬೋಲ್ಟು ತುಂಬಿದರೆ ಅರ್ಧ ಜಾಗ ಖಾಲಿ ಇರುವಾಗಲೇ ತೂಕದ ಮಿತಿ ಮುಟ್ಟುತ್ತದೆ. ಪ್ಲಾಸ್ಟಿಕ್ ಡಬ್ಬ ತುಂಬಿದರೆ ಬಾಗಿಲು ಹಾಕಲಾಗದಷ್ಟು ಸರಕಾದರೂ ತೂಕ ಏರುವುದಿಲ್ಲ. ಆದ್ದರಿಂದ ಸಾಗಣೆದಾರರು ಸರಕಿನ ನಿಜ ತೂಕ ಮತ್ತು ಅದು ಹಿಡಿಯುವ ಜಾಗದಿಂದ ಲೆಕ್ಕ ಹಾಕಿದ ಗಾತ್ರ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಹಾಕುತ್ತಾರೆ. ಈ ತತ್ವ ನ್ಯಾಯವಾದದ್ದೇ. ತಕರಾರು ಇರುವುದು ಜಾಗವನ್ನು ಕಿಲೋಗೆ ಪರಿವರ್ತಿಸುವ ಸಂಖ್ಯೆಯಲ್ಲಿ.

ಭಾರತದಲ್ಲಿ ಆ ಸಂಖ್ಯೆಯನ್ನು ಸಿಎಫ್‌ಟಿ ಅನ್ನುತ್ತಾರೆ: ಒಂದು ಘನ ಅಡಿ ಜಾಗವನ್ನು ಎಷ್ಟು ಕಿಲೋ ಎಂದು ಎಣಿಸಬೇಕು ಎಂಬ ಒಪ್ಪಂದ. ಸಾಮಾನ್ಯವಾಗಿ ಇದು 6, 8 ಅಥವಾ 10 ಇರುತ್ತದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, 27,000ದಿಂದ ಭಾಗಿಸಿ, ಸಿಎಫ್‌ಟಿಯಿಂದ ಗುಣಿಸಿದರೆ ಗಾತ್ರ ತೂಕ ಬರುತ್ತದೆ. ಇಲ್ಲೇ ಒಂದು ಸೂಕ್ಷ್ಮವಿದೆ. ಒಂದು ಘನ ಅಡಿಯೆಂದರೆ ಸುಮಾರು 28,317 ಘನ ಸೆಂಟಿಮೀಟರು. ಅಡಿಯನ್ನು 30 ಸೆಂಟಿಮೀಟರಿಗೆ ಇಳಿಸಿಕೊಂಡದ್ದರಿಂದ ಅದು 27,000 ಆಗಿದೆ. ಲೆಕ್ಕದ ಅನುಕೂಲಕ್ಕೆ ಬಂದಂತೆ ಕಾಣುವ ಈ ಇಳಿಕೆ ಗಾತ್ರ ತೂಕವನ್ನು ಶೇಕಡಾ 5ರಷ್ಟು ಹೆಚ್ಚಿಸುತ್ತದೆ.

ಸಿಎಫ್‌ಟಿ ಎಷ್ಟಿದ್ದರೆ ಸರಿ ಎಂಬುದನ್ನು ಲಾರಿಯನ್ನೇ ನೋಡಿ ಹೇಳಬಹುದು. 32 ಅಡಿ ಉದ್ದ, ಸುಮಾರು 8 ಅಡಿ ಅಗಲ, 8 ಅಡಿ ಎತ್ತರದ ಕಂಟೇನರ್ ಲಾರಿಯಲ್ಲಿ 2,048 ಘನ ಅಡಿ ಜಾಗವಿರುತ್ತದೆ. ಸಿಂಗಲ್ ಆಕ್ಸಲ್ ಗಾಡಿ ಸುಮಾರು 7 ಟನ್ ಹೊರುತ್ತದೆ, ಮಲ್ಟಿ ಆಕ್ಸಲ್ ಗಾಡಿ 14ರಿಂದ 15 ಟನ್. ಭಾಗಿಸಿದರೆ ಮೊದಲನೆಯದಕ್ಕೆ ಘನ ಅಡಿಗೆ 3.4 ಕಿಲೋ, ಎರಡನೆಯದಕ್ಕೆ 7 ಕಿಲೋ ಬರುತ್ತದೆ. ಬೇರೆ ಬೇರೆ ಅಳತೆಯ ಪೆಟ್ಟಿಗೆಗಳನ್ನು ಜೋಡಿಸುವಾಗ ಐದರಲ್ಲೊಂದು ಭಾಗ ಜಾಗ ವ್ಯರ್ಥವಾಗುತ್ತದೆ ಎಂದು ಹಿಡಿದರೂ ಮಲ್ಟಿ ಆಕ್ಸಲ್ ಲೆಕ್ಕ 9ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹಾಗಾಗಿ 6ನ್ನು ಒಪ್ಪಬಹುದು, 8ನ್ನು ಮಲ್ಟಿ ಆಕ್ಸಲ್ ಓಡುವ ಮಾರ್ಗಗಳಲ್ಲಿ ಒಪ್ಪಬಹುದು. 10ಕ್ಕೆ ಗಾಡಿಯ ಅಳತೆಯಲ್ಲಿ ಆಧಾರವಿಲ್ಲ. ಇನ್ನೊಂದು ಮಾತೂ ಇದೆ. ಸಾಗಣೆದಾರರು ಭಾರದ ಸರಕನ್ನು ಕೆಳಗಿಟ್ಟು ಹಗುರದ್ದನ್ನು ಮೇಲೆ ಹೇರುತ್ತಾರೆ. ಭಾರದ್ದು ನಿಜ ತೂಕಕ್ಕೆ, ಹಗುರದ್ದು ಗಾತ್ರ ತೂಕಕ್ಕೆ ಬಾಡಿಗೆ ತರುವುದರಿಂದ, ಚೆನ್ನಾಗಿ ತುಂಬಿದ ಲಾರಿಯಲ್ಲಿ ಬಿಲ್ಲಾದ ಕಿಲೋಗಳು ಲಾರಿ ನಿಜವಾಗಿ ಹೊತ್ತ ಕಿಲೋಗಳನ್ನು ಮೀರುತ್ತವೆ. ಅರೆಖಾಲಿಯಾಗಿ ಮರಳುವ ಗಾಡಿಯ ನಷ್ಟ ಇದರಿಂದ ತುಂಬುತ್ತದೆ ಎಂಬುದು ನಿಜ, ಆದರೆ ಆ ನಷ್ಟವನ್ನು ದರದಲ್ಲಿ ಕಾಣುವಂತೆ ಸೇರಿಸುವುದೇ ಪ್ರಾಮಾಣಿಕ ಮಾರ್ಗ.

ಅಮೆರಿಕದಲ್ಲಿ ಇದಕ್ಕೆ ಎಲ್ಲರಿಗೂ ಒಂದೇ ಪಟ್ಟಿಯಿದೆ. ಅಲ್ಲಿನ ಎನ್‌ಎಂಎಫ್‌ಸಿ ವರ್ಗೀಕರಣದಲ್ಲಿ ಸರಕುಗಳನ್ನು 50ರಿಂದ 500ರವರೆಗಿನ 18 ವರ್ಗಗಳಾಗಿ ವಿಂಗಡಿಸಲಾಗಿದೆ. 2025ರ ಜುಲೈನಲ್ಲಿ ಹೆಚ್ಚಿನ ಸರಕುಗಳಿಗೆ 13 ಹಂತಗಳ ಸಾಂದ್ರತೆಯ ಅಳತೆಗೋಲನ್ನು ಜಾರಿಗೆ ತರಲಾಯಿತು. ಭಾರತದಲ್ಲಿ ಅಂಥ ಸಮಾನ ಪಟ್ಟಿಯಿಲ್ಲದ್ದರಿಂದ ಪ್ರತಿ ಕಂಪನಿಯ ಸಿಎಫ್‌ಟಿ ಅದರ ಒಪ್ಪಂದದಲ್ಲೇ ನಿಗದಿಯಾಗುತ್ತದೆ. ಬಹುಪಾಲು ಗಿರಾಕಿಗಳು ಚೌಕಾಸಿ ಮಾಡುವುದು ಕಿಲೋ ದರದ ಮೇಲೆ ಮಾತ್ರ, ಆದರೆ ಅವರ ಹಣ ಹೆಚ್ಚಾಗಿ ಹೋಗುವುದು ಅವರು ಗಮನಿಸದ ಸಿಎಫ್‌ಟಿಯಿಂದ.

ಬೆಂಗಳೂರಿನ ಪೀಣ್ಯದಿಂದ ಪುಣೆಗೆ 20 ಪೆಟ್ಟಿಗೆ ಪ್ಲಾಸ್ಟಿಕ್ ಡಬ್ಬಗಳು ಹೋಗಬೇಕು ಎಂದುಕೊಳ್ಳೋಣ. ಪ್ರತಿ ಪೆಟ್ಟಿಗೆಯ ಹೊರ ಅಳತೆ 60×45×40 ಸೆಂಟಿಮೀಟರು, ತೂಕ 9 ಕಿಲೋ. ಒಟ್ಟು ನಿಜ ತೂಕ 180 ಕಿಲೋ. 27,000ದ ಲೆಕ್ಕದಲ್ಲಿ ಒಂದು ಪೆಟ್ಟಿಗೆ 4 ಘನ ಅಡಿ. ಒಬ್ಬ ಸಾಗಣೆದಾರ ಕಿಲೋಗೆ 8 ರೂಪಾಯಿ ಹೇಳುತ್ತಾನೆ, ಸಿಎಫ್‌ಟಿ 10. ಇನ್ನೊಬ್ಬ 10 ರೂಪಾಯಿ ಹೇಳುತ್ತಾನೆ, ಸಿಎಫ್‌ಟಿ 6. ಮೊದಲನೆಯವನಲ್ಲಿ ಗಾತ್ರ ತೂಕ 800 ಕಿಲೋ, ಬಾಡಿಗೆ 6,400 ರೂಪಾಯಿ. ಎರಡನೆಯವನಲ್ಲಿ 480 ಕಿಲೋ, 4,800 ರೂಪಾಯಿ. ದರ ಹೆಚ್ಚು ಕೇಳಿದವನ ಬಿಲ್ಲೇ 1,600 ರೂಪಾಯಿ ಕಡಿಮೆ. ಹೋಲಿಸಬೇಕಾದದ್ದು ದರವನ್ನು ಸಿಎಫ್‌ಟಿಯಿಂದ ಗುಣಿಸಿದಾಗ ಬರುವ ಘನ ಅಡಿ ದರವನ್ನು: ಒಬ್ಬನದು 80, ಇನ್ನೊಬ್ಬನದು 60. ಹಗುರ ಸರಕಿಗೆ ಇದಕ್ಕಿಂತ ನೇರವಾದ ಪರೀಕ್ಷೆ ಬೇರೆ ಇಲ್ಲ.

ದರ ಕುದುರಿದ ಮೇಲೆ ಉಳಿಯುವುದು ಪೆಟ್ಟಿಗೆಯ ಕೆಲಸ. ಮೇಲಿನ ಡಬ್ಬಗಳನ್ನು ಮುಚ್ಚಳ ಹಾಕಿ ತುಂಬುವುದನ್ನು ಬಿಟ್ಟು, ಒಂದರೊಳಗೊಂದು ಕೂರಿಸಿ, ಮುಚ್ಚಳಗಳನ್ನು ಪಕ್ಕದಲ್ಲಿ ಅಟ್ಟಿಯಾಗಿ ಇಟ್ಟರೆ 20 ಪೆಟ್ಟಿಗೆಯ ಸರಕು 9ರಲ್ಲಿ ಹಿಡಿಯಬಹುದು. ಆಗ ಪ್ರತಿ ಪೆಟ್ಟಿಗೆಯ ನಿಜ ತೂಕ 20 ಕಿಲೋ, ಗಾತ್ರ ತೂಕ 24. ಎರಡನೆಯ ಸಾಗಣೆದಾರನ ಬಿಲ್ಲು 4,800ರಿಂದ 2,160ಕ್ಕೆ ಇಳಿಯುತ್ತದೆ. ಡಬ್ಬಗಳ ಮೈಗೆ ಗೀರು ಬೀಳದಂತೆ ನಡುವೆ ತೆಳುವಾದ ಹಾಳೆ ಬೇಕು, ಅಂಗಡಿಯವರು ಮುಚ್ಚಳ ಹಾಕಿಕೊಳ್ಳಲು ಒಪ್ಪಬೇಕು. ಅವೆರಡರ ಖರ್ಚು ಈ ಉಳಿತಾಯದ ಮುಂದೆ ಸಣ್ಣದು. ಆದರೆ ಈ ಹಾದಿಗೂ ಕೊನೆಯಿದೆ. ಸರಕಿನ ಸಾಂದ್ರತೆ ಸಿಎಫ್‌ಟಿಯನ್ನು ಮುಟ್ಟಿದ ಕ್ಷಣದಿಂದ ಬಾಡಿಗೆ ನಿಜ ತೂಕದ್ದಾಗುತ್ತದೆ. ಅಲ್ಲಿಂದ ಮುಂದೆ ಪೆಟ್ಟಿಗೆಯನ್ನು ಎಷ್ಟು ಒತ್ತಿ ತುಂಬಿದರೂ ಒಂದು ಪೈಸೆಯೂ ಉಳಿಯುವುದಿಲ್ಲ, ಪೆಟ್ಟಿಗೆ ಒಡೆಯುವ ಭಯ ಮಾತ್ರ ಹೆಚ್ಚುತ್ತದೆ.

ಅತಿಯಾಗಿ ತುಂಬಿ ಉಬ್ಬಿದ ಪೆಟ್ಟಿಗೆ ಗೊತ್ತಾಗದಂತೆ ಹಣ ತಿನ್ನುತ್ತದೆ. ಅಳತೆ ತೆಗೆಯುವುದು ಹೊರಮೈಯ ಅತಿ ಉಬ್ಬಿದ ಜಾಗದಲ್ಲಿ. ಮೂರೂ ದಿಕ್ಕಿಗೆ 2 ಸೆಂಟಿಮೀಟರು ಉಬ್ಬಿದರೆ 60×45×40ರ ಪೆಟ್ಟಿಗೆ 62×47×42 ಆಗಿ, ಗಾತ್ರ ತೂಕ 24ರಿಂದ 27.2 ಕಿಲೋಗೆ ಏರುತ್ತದೆ. 20 ಪೆಟ್ಟಿಗೆಗೆ 64 ಕಿಲೋ, ಅಂದರೆ 640 ರೂಪಾಯಿ. ದೊಡ್ಡ ಹಬ್‌ಗಳಲ್ಲಿ ಲೇಸರ್ ಯಂತ್ರ ಅಳೆಯುವುದರಿಂದ ಅಲ್ಲಿ ವಾದಿಸಿ ಪ್ರಯೋಜನವಿಲ್ಲ. ಲೋಡ್ ಮಾಡುವ ಮೊದಲೇ ಸರಕಿನ ಪಕ್ಕ ಟೇಪು ಹಿಡಿದು ಫೋಟೋ ತೆಗೆದು, ಅಳತೆ ಮತ್ತು ಪೆಟ್ಟಿಗೆಗಳ ಸಂಖ್ಯೆಯನ್ನು ಎಲ್‌ಆರ್ ಮೇಲೆ ಬರೆಸಿದ್ದರೆ ಮಾತ್ರ ಬಿಲ್ಲು ಬಂದಾಗ ತಕರಾರು ಎತ್ತಲು ದಾಖಲೆ ಇರುತ್ತದೆ.

ಇನ್ನೊಂದು ಉಪಾಯ ಒಪ್ಪಂದದ ಒಂದು ಸಾಲನ್ನು ಅವಲಂಬಿಸಿದೆ: ನಿಜ ತೂಕ ಮತ್ತು ಗಾತ್ರ ತೂಕದ ಹೋಲಿಕೆ ಪೆಟ್ಟಿಗೆಗೊಂದರಂತೆ ನಡೆಯುತ್ತದೆಯೋ, ಇಡೀ ಎಲ್‌ಆರ್‌ಗೆ ಒಟ್ಟಾಗಿಯೋ. ಒಟ್ಟಾಗಿ ನಡೆಯುವುದಾದರೆ ಭಾರ ಮತ್ತು ಹಗುರ ಸರಕನ್ನು ಒಂದೇ ಎಲ್‌ಆರ್‌ನಲ್ಲಿ ಕಳಿಸುವುದು ಲಾಭಕರ. ಅದೇ 20 ಪೆಟ್ಟಿಗೆ ಡಬ್ಬಗಳ ಜೊತೆ ಅದೇ ಅಂಗಡಿಗೆ 10 ಪೆಟ್ಟಿಗೆ ಬೋಲ್ಟು ಹೋಗಲಿ, ಪ್ರತಿಯೊಂದೂ 30 ಕಿಲೋ, ಒಂದು ಘನ ಅಡಿ. ಬೇರೆ ಬೇರೆಯಾಗಿ ಕಳಿಸಿದರೆ 480 ಮತ್ತು 300 ಸೇರಿ 780 ಕಿಲೋಗೆ ಬಿಲ್ಲು. ಒಟ್ಟಾಗಿ ಕಳಿಸಿದರೆ ನಿಜ ತೂಕ 480, ಗಾತ್ರ ತೂಕ 540, ಹಾಗಾಗಿ ಬಿಲ್ಲು 540ಕ್ಕೆ. 240 ಕಿಲೋದ ಬಾಡಿಗೆ ಉಳಿಯಿತು. ಪೆಟ್ಟಿಗೆವಾರು ಹೋಲಿಕೆ ಎಂದು ಒಪ್ಪಂದದಲ್ಲಿದ್ದರೆ ಈ ಲಾಭವಿಲ್ಲ, ಆದ್ದರಿಂದ ಸಹಿ ಹಾಕುವ ಮುನ್ನ ಹುಡುಕಬೇಕಾದ ಸಾಲು ಇದು.

ವಾರಕ್ಕೆ ಮೂರು ಸಲ ನಾಲ್ಕೈದು ಪೆಟ್ಟಿಗೆ ಕಳಿಸುವವರಿಗೆ ಇವೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕನಿಷ್ಠ ಬಾಡಿಗೆ ಮತ್ತು ಪ್ರತಿ ಎಲ್‌ಆರ್‌ಗೆ ಬೀಳುವ ಡಾಕೆಟ್ ಶುಲ್ಕ. ಮೂರನ್ನು ಒಂದಾಗಿಸಿದರೆ ಎರಡು ಡಾಕೆಟ್ ತಪ್ಪುತ್ತವೆ. ಸರಕು ಬೆಳೆಯುತ್ತಾ ಹೋದಂತೆ ಪಾರ್ಟ್ ಲೋಡಿನ ಒಟ್ಟು ಬಿಲ್ಲು ಒಂದು ಸಣ್ಣ ಗಾಡಿಯ ಪೂರ್ತಿ ಬಾಡಿಗೆಗೆ ಹತ್ತಿರವಾಗುತ್ತದೆ. ಹಗುರ ಸರಕಿನವರು ಆ ಹೋಲಿಕೆಯನ್ನು ಟನ್ನಿನಲ್ಲಿ ಮಾಡದೆ ಗಾಡಿಯ ಘನ ಅಡಿಯಲ್ಲಿ ಮಾಡಬೇಕು, ಏಕೆಂದರೆ ಪೂರ್ತಿ ಗಾಡಿ ಹಿಡಿದಾಗ ಸಿಎಫ್‌ಟಿ ಎಂಬ ಸಂಖ್ಯೆಯೇ ಬಿಲ್ಲಿನಿಂದ ಹೋಗುತ್ತದೆ.