ಫುಲ್ ಟ್ಯಾಂಕ್ ಲೆಕ್ಕ ಮತ್ತು ತಪ್ಪು ಸರಾಸರಿ

ಒಮ್ಮೆ ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ, ನಡುವೆ ಓಡಿದ ಕಿಲೋಮೀಟರನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಗಾಡಿಯ ನಿಜವಾದ ಮೈಲೇಜ್ ಸಿಕ್ಕಿಬಿಟ್ಟಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಕಂಪನಿ ಹೇಳುವ ಅಂಕಿಗಿಂತ ಇದು ಮೇಲು, ನಿಜ. ಆದರೆ ಒಂದೇ ಸಲದ ಲೆಕ್ಕಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಎರಡೂ ಸಲ ಟ್ಯಾಂಕ್ ಒಂದೇ ಮಟ್ಟಕ್ಕೆ ತುಂಬಿರುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ. ಬಂಕಿನ ನಾಝಲ್ ತಾನಾಗಿ ಕಟ್ ಆಗುವುದು ಅದರ ತುದಿಗೆ ಪೆಟ್ರೋಲ್ ಇಲ್ಲವೇ ನೊರೆ ತಾಗಿದಾಗ. ಅದನ್ನು ಎಷ್ಟು ಒಳಗೆ ಇಳಿಸಿದರು, ಎಷ್ಟು ರಭಸದಲ್ಲಿ ಬಿಟ್ಟರು, ನೆಲ ಎಷ್ಟು ಓರೆ ಇತ್ತು ಎಂಬುದರ ಮೇಲೆ ಮಟ್ಟ ಬದಲಾಗುತ್ತದೆ. ಹಾಗೆಂದು ಮುಚ್ಚಳದವರೆಗೆ ತುಂಬಿಸಿ ಎನ್ನುವವರ ಮಾತು ಕೇಳಬಾರದು. ಬಿಸಿಲಿಗೆ ಪೆಟ್ರೋಲ್ ಹಿಗ್ಗಲು ಜಾಗ ಬೇಕು.

ಒಂದು ಸ್ಕೂಟರಿನ ಲೆಕ್ಕ ನೋಡೋಣ. ಟ್ಯಾಂಕ್ ತುಂಬಿಸಿದಾಗ ಮೀಟರಿನಲ್ಲಿ 8,000. ಆ ಸಲದ ಲೀಟರು ಲೆಕ್ಕಕ್ಕಿಲ್ಲ, ಅದು ಹಿಂದಿನ ಓಟದ್ದು. 8,090ಕ್ಕೆ ಮತ್ತೆ ತುಂಬಿಸಿದಾಗ 1.5 ಲೀಟರ್ ಹಿಡಿಯಿತು: ಮೈಲೇಜ್ 60. 8,270ಕ್ಕೆ 4.5 ಲೀಟರ್: ಮೈಲೇಜ್ 40. ಎರಡನ್ನೂ ಕೂಡಿಸಿ ಅರ್ಧ ಮಾಡಿ 50 ಎನ್ನುವವರೇ ಹೆಚ್ಚು, ಅಲ್ಲೇ ನನ್ನ ಜಗಳ. ಒಟ್ಟು 270 ಕಿಲೋಮೀಟರಿಗೆ ಸುಟ್ಟದ್ದು 6 ಲೀಟರ್, ಅಂದರೆ 45. ನಡುವಿನ ಸಲ ಅರ್ಧ ಲೀಟರ್ ಕಮ್ಮಿ ಬಿದ್ದಿದ್ದರೆ ಆ ಕೊರತೆ ಮುಂದಿನ ಸಲ ತುಂಬಿಕೊಳ್ಳುತ್ತದೆ; ಒಟ್ಟು ಲೆಕ್ಕದಲ್ಲಿ ಉಳಿಯುವುದು ಮೊದಲ ಮತ್ತು ಕೊನೆಯ ಮಟ್ಟದ ವ್ಯತ್ಯಾಸ ಮಾತ್ರ. ಮೈಲೇಜುಗಳ ಸರಾಸರಿಯಾದರೋ 90 ಕಿಲೋಮೀಟರಿಗೂ 180ಕ್ಕೂ ಒಂದೇ ತೂಕ ಕೊಟ್ಟು ಆ ತಪ್ಪನ್ನು ಉಳಿಸಿಕೊಳ್ಳುತ್ತದೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ಕಿಲೋಮೀಟರಿನ ಖರ್ಚು 2 ರೂಪಾಯಿ ಅಲ್ಲ, 2.22. ಹತ್ತು ಸಾವಿರ ಕಿಲೋಮೀಟರಿಗೆ ಎರಡು ಸಾವಿರಕ್ಕೂ ಮೀರಿದ ಅಂತರ. ಬೆಲೆ ಏರಿಳಿದರೆ ಇವತ್ತಿನ ದರವನ್ನು ಮೈಲೇಜಿನಿಂದ ಭಾಗಿಸುವುದೂ ಹಳೆಯ ಓಟದ ಖರ್ಚನ್ನು ಹೇಳದು. ಬಿಲ್ಲುಗಳ ಒಟ್ಟು ಮೊತ್ತವನ್ನು ಒಟ್ಟು ದೂರದಿಂದ ಭಾಗಿಸಬೇಕು. ನಡುವೆ ಇನ್ನೂರು ರೂಪಾಯಿಗೆ ಹಾಕಿಸಿದ್ದೂ ಬರೆದಿರಬೇಕು. ಅದೊಂದು ಬಿಟ್ಟುಹೋದರೆ ಮೈಲೇಜ್ ಉಬ್ಬುತ್ತದೆ, ಮುಂದಿನ ಫುಲ್ ಟ್ಯಾಂಕಿನಿಂದ ಹೊಸದಾಗಿ ಶುರು ಮಾಡುವುದೇ ದಾರಿ.

ಒಟ್ಟು ಲೆಕ್ಕವೇ ಸರಿ ಎಂದರೆ ಗಾಡಿ ಕೆಟ್ಟದ್ದು ತಡವಾಗಿ ಗೊತ್ತಾಗುತ್ತದೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಸಾವಿರಾರು ಕಿಲೋಮೀಟರಿನ ಸರಾಸರಿಯೊಳಗೆ ನಿನ್ನೆ ಮೊನ್ನೆಯ ಕುಸಿತ ಕಾಣುವುದಿಲ್ಲ. ಆದರೆ ಅದಕ್ಕೂ ಒಂದು ಅಂಕಿ ಸಾಲದು, ಸಾಲಾಗಿ ನೋಡಬೇಕು. ಒಮ್ಮೆ ಇಳಿದು ಮರುಸಲವೇ ಅಷ್ಟೇ ಏರಿದರೆ ಅದು ಬಹುಮಟ್ಟಿಗೆ ತುಂಬಿಸಿದ್ದರ ವ್ಯತ್ಯಾಸ. ಅದೇ ದಾರಿ, ಅದೇ ಓಟದಲ್ಲಿ ಮೂರು ಸಲ ಬಿಡದೆ ಇಳಿದರೆ ಮೊದಲು ಟೈರಿನ ಗಾಳಿ ನೋಡಬೇಕು, ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯೇ ಎಂದು ಚಕ್ರ ತಿರುಗಿಸಿ ನೋಡಬೇಕು.