ಬಳೆಗಾರನ ಕೈಚಳಕ

ಸೀಮಂತದ ದಿನ ಬಸುರಿಯ ಕೈ ತುಸು ಊದಿರುತ್ತದೆ. ಆಗಲೇ ಬಳೆಗಾರನ ಹದ ಕಾಣುವುದು. ಬಳೆಯ ಅಳತೆ ಎರಡು-ಆರು ಎಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರರಲ್ಲಿ ಆರು ಭಾಗ. ಇದು ಅದರ ಒಳ ಅಗಲ. ಮಣಿಕಟ್ಟಿಗೆ ಎರಡು-ನಾಲ್ಕೇ ಒಪ್ಪುತ್ತದೆ, ಆದರೆ ಹೆಬ್ಬೆರಳಿನ ಬುಡದ ಗೆಣ್ಣು ದಾಟಬೇಕಲ್ಲ!

ಅವನು ಮೊದಲು ಕೈಗೆ ಸೋಪಿನ ನೊರೆ ಹಚ್ಚುತ್ತಾನೆ. ಎಣ್ಣೆಯೂ ಆದೀತು, ಆದರೆ ಅದು ಅವನ ಬೆರಳನ್ನೂ ಜಾರಿಸುತ್ತದೆ. ನನ್ನ ಮತ ನೊರೆಗೇ. "ಕೈ ಸಡಿಲ ಬಿಡವ್ವ" ಎನ್ನುತ್ತಾ ಹೆಬ್ಬೆರಳನ್ನು ಅಂಗೈಗೆ ಅಡ್ಡವಾಗಿ ಕಿರುಬೆರಳಿನ ಬುಡದತ್ತ ಮಡಚುತ್ತಾನೆ. ನಾಲ್ಕು ಬೆರಳ ಗೆಣ್ಣುಗಳನ್ನು ಒತ್ತಿ ಹಿಡಿದಾಗ ಅಂಗೈ ಕಿರಿದಾಗುತ್ತದೆ. ಬಳೆಯನ್ನು ಕಿರುಬೆರಳಿನ ಗೆಣ್ಣಿನ ಮೇಲೆ ಮೊದಲು ಕೂರಿಸಿ, ಹೆಬ್ಬೆರಳಿನ ಬುಡದ ಮಾಂಸವನ್ನು ತನ್ನ ಬೆರಳಿನಿಂದ ಅಮುಕಿ ಬಳೆಯೊಳಗೆ ಸರಿಸುತ್ತಾ ಬರುತ್ತಾನೆ. ದೂಡುವುದಕ್ಕಿಂತ ಈ ಅಮುಕುವುದೇ ಹೆಚ್ಚಿನ ಕೆಲಸ.

ಗಾಜು ಬಾಗುವುದಿಲ್ಲ. ಒಂದೇ ಕಡೆ ಒತ್ತಿದರೆ ಅಥವಾ ಹೆದರಿ ಕೈ ಬಿಗಿದರೆ ಚಿಟ್ಟೆಂದು ಒಡೆದು ಚರ್ಮ ಸೀಳುತ್ತದೆ. ಲೋಹದ ಬಳೆ ಒಡೆಯದು ಎಂಬ ಧೈರ್ಯದಲ್ಲಿ ಜನ ಬಲ ಹಾಕುತ್ತಾರೆ. ಗೆಣ್ಣು ಕೆಂಪಾಗಿ ಊದಿ, ಆಮೇಲೆ ತೆಗೆಯುವುದೂ ಕಷ್ಟ.

ಬಳೆಯ ಮುಂದೆ ಚರ್ಮ ಮಡಿಕೆಗಟ್ಟಿ ಬಿಳಿಚಿದರೆ ಒಳ್ಳೆಯ ಬಳೆಗಾರ ಅಲ್ಲಿಗೇ ನಿಲ್ಲಿಸಿ ಹಿಂದಕ್ಕೆ ಎಳೆಯುತ್ತಾನೆ. ಮನೆಯಲ್ಲಿ ತೊಡುವಾಗಲೂ ಅಷ್ಟೇ: ಹಾಗೆ ಕಂಡರೆ ಒಂದು ಅಳತೆ ದೊಡ್ಡ ಬಳೆ ತೆಗೆದುಕೊಳ್ಳಿ.