ಅಕ್ಕಿಕಾಳು ಬಿದ್ದ ಮೇಲೆ ಬಂದ ಹಾರ

ಕೇಕು, ಹೂವು ತಡವಾಗಿ ಬಂದಾಗ ಅಂಗಡಿಯವರು ಹೆಚ್ಚಾಗಿ ಒಂದು ಕೂಪನ್ನು ಕೊಟ್ಟು ಮಾತು ಮುಗಿಸುತ್ತಾರೆ. ತಡವೆಂದರೆ ಸಣ್ಣ ಅನನುಕೂಲ ಎಂಬ ಎಣಿಕೆ ಇದರ ಹಿಂದಿದೆ. ಆ ಎಣಿಕೆಯೇ ತಪ್ಪು. ನೇಸರಗಿಯ ಒಂದು ಮದುವೆಗೆ ಬೆಳಗಾವಿಯಿಂದ 3,000 ರೂಪಾಯಿಯ ಹಾರಗಳನ್ನು ಹೇಳಿದ್ದಾರೆ ಎಂದಿಟ್ಟುಕೊಳ್ಳಿ. ಅಕ್ಕಿಕಾಳು 11.40ಕ್ಕೆ, ಹಾರ ಬಂದದ್ದು 1 ಗಂಟೆಗೆ. ಹೂವು ಬಾಡಿಲ್ಲ, ಕಟ್ಟಿದ್ದೂ ಚೆನ್ನಾಗಿದೆ. ಆದರೂ ಹಣ ಕೊಟ್ಟು ಕೊಂಡದ್ದು ಮುಹೂರ್ತದ ಹಾರವನ್ನು, ಅದು ಬರಲೇ ಇಲ್ಲ.

1872ರ ಭಾರತೀಯ ಕರಾರು ಕಾಯ್ದೆಗೆ ಇದು ಚೆನ್ನಾಗಿ ಗೊತ್ತು. ಸಮಯವೇ ಕರಾರಿನ ಜೀವಾಳವಾಗಿದ್ದರೆ, ಹೊತ್ತು ಮೀರಿದಾಗ ಕರಾರನ್ನೇ ರದ್ದು ಮಾಡುವ ಹಕ್ಕನ್ನು ಅದರ 55ನೇ ಕಲಂ ಗಿರಾಕಿಗೆ ಕೊಡುತ್ತದೆ. ಅದೇ ಕಲಮಿನ ಕೊನೆಯ ಭಾಗ ಮಾತ್ರ ಕಠಿಣ. ತಡವಾಗಿ ಬಂದದ್ದನ್ನು ಒಪ್ಪಿಕೊಂಡವರು, ಪರಿಹಾರ ಕೇಳುತ್ತೇವೆಂದು ಆ ಕ್ಷಣದಲ್ಲೇ ತಿಳಿಸದಿದ್ದರೆ ಆಮೇಲೆ ಕೇಳುವಂತಿಲ್ಲ. ಮದುವೆಮನೆಯ ಗದ್ದಲದಲ್ಲಿ ಯಾರೋ ಹುಡುಗ ಪೊಟ್ಟಣ ಇಸಿದುಕೊಂಡು ಸಹಿ ಹಾಕಿಬಿಡುತ್ತಾನೆ. ಹಕ್ಕು ಸೋರಿಹೋಗುವುದು ಅಲ್ಲಿಯೇ. ಒಂದೋ ಹಾರವನ್ನು ವಾಪಸು ಕಳಿಸಬೇಕು, ಇಲ್ಲವೇ ಇಸಿದುಕೊಳ್ಳುವಾಗಲೇ “1 ಗಂಟೆಗೆ ಬಂತು, ತಡಕ್ಕೆ ಪರಿಹಾರ ಕೇಳುತ್ತೇವೆ” ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಬೇಕು. ಕೇಕನ್ನು ಕತ್ತರಿಸಿ ತಿಂದ ಮೇಲೆ ಪೂರ್ತಿ ಹಣ ಕೇಳುವುದು ನ್ಯಾಯವೂ ಅಲ್ಲ.

ರಸ್ತೆ, ಮಳೆ ನಮ್ಮ ಕೈಯಲ್ಲಿಲ್ಲ ಎಂಬ ಅಂಗಡಿಯವರ ಆಕ್ಷೇಪ ಪೊಳ್ಳಲ್ಲ. 2020ರ ಇ-ವಾಣಿಜ್ಯ ನಿಯಮಗಳು, ಅಂಗಡಿಯವರು ಹೇಳಿದ ವೇಳೆಗೆ ತಲುಪದ ಸರಕಿನ ಹಣ ಮರಳಿಸಲು ಮಾರುವವರು ನಿರಾಕರಿಸುವಂತಿಲ್ಲ ಎನ್ನುತ್ತವೆ. ಕೈಮೀರಿದ ಅವಘಡಕ್ಕೆ ವಿನಾಯಿತಿಯನ್ನೂ ಕೊಡುತ್ತವೆ. ಆದರೆ ಹಳ್ಳ ಬಂದು ದಾರಿ ಕಟ್ಟಾಗುವುದು ಬೇರೆ, ಒಂದೇ ಗಾಡಿಯಲ್ಲಿ ಬೈಲಹೊಂಗಲ, ಕಿತ್ತೂರು ಸುತ್ತಿ ಕೊನೆಗೆ ನೇಸರಗಿಗೆ ಬರುವುದು ಬೇರೆ. ಎರಡನೆಯದು ಅವರೇ ಮಾಡಿಕೊಂಡ ಏರ್ಪಾಡು.

ಅಷ್ಟು ಸಣ್ಣ ಮೊತ್ತಕ್ಕೆ ದೂರೇಕೆ ಎನ್ನುವವರು ಲೆಕ್ಕ ಹಾಕಿ ನೋಡಲಿ. ಹಾರದ 3,000, ಊರಿನ ಹೂಗಾರರಿಂದ ಅವಸರಕ್ಕೆ ಕೊಂಡದ್ದರಲ್ಲಿ ಮೇಲೆ ಬಿದ್ದ ಖರ್ಚು, ಅದರ ಮೇಲೆ ಮನಸ್ಸಿಗಾದ ನೋವು. ಮೊದಲೆರಡಕ್ಕೆ ರಸೀದಿಯೇ ಸಾಕ್ಷಿ. ಮೂರನೆಯದು ನಿಲ್ಲಬೇಕಾದರೆ ಸಂದರ್ಭ ಅಂಗಡಿಗೆ ಮೊದಲೇ ಗೊತ್ತಿರಬೇಕು. “ನಾಳೆ ಬೆಳಿಗ್ಗೆ ಬೇಕು” ಎಂಬ ಆರ್ಡರಿಗೂ “ಮದುವೆ, ಮುಹೂರ್ತ 11.40, 10ರೊಳಗೆ ಮುಟ್ಟಬೇಕು” ಎಂಬ ಆರ್ಡರಿಗೂ ದೂರಿನಲ್ಲಿ ಅಜಗಜಾಂತರ. ಎರಡನೆಯದನ್ನು ಬರೆದುಕೊಟ್ಟವರ ಎದುರು “ಅಂದಾಜು ವೇಳೆ” ಎಂಬ ಸಣ್ಣಕ್ಷರದ ಷರತ್ತು ಬಹಳ ದುರ್ಬಲ. ಹಾಗೆಂದು ಹಾರಕ್ಕೆ ಲಕ್ಷಗಟ್ಟಲೆ ಕೇಳಿದರೆ ದೂರಿನ ತೂಕವೇ ಕಡಿಮೆಯಾಗುತ್ತದೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅಂಗಡಿ ಎಲ್ಲಿಯದೇ ಇರಲಿ, ನೇಸರಗಿಯವರು ತಮ್ಮ ಜಿಲ್ಲೆಯಾದ ಬೆಳಗಾವಿಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅವಧಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ.